ಈ ಸೀರೆ ಎಲ್ಲಿಗೆ ಉಡೋದು?: ಹೊಲಿಗೆ ಅಂಗಡಿಯ ಮೂರು ದರಗಳ ಲೆಕ್ಕ

ಬ್ಲೌಸ್ ಹೊಲಿಯುವ ಅಂಗಡಿಯ ಗೋಡೆಯ ಮೇಲಿನ ದರಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಸಾದಾ ಬ್ಲೌಸ್ 250, ಲೈನಿಂಗ್ ಬ್ಲೌಸ್ 450 ಎಂದು ಶುರುವಾಗುತ್ತದೆ. ಅದರ ಕೆಳಗೆ ಪೈಪಿಂಗ್ 50, ಪ್ಯಾಡ್ 60, ಡೋರಿ 40, ಬ್ಯಾಕ್ ಡಿಸೈನ್ 100ರಿಂದ ಮೇಲೆ. ಬೋಟ್ ನೆಕ್‌ಗೆ ಬೇರೆ, ಪ್ರಿನ್ಸೆಸ್ ಕಟ್‌ಗೆ ಬೇರೆ, ಅರ್ಜೆಂಟಾದರೆ ಇನ್ನೂ ಬೇರೆ. ಬರೆಸಿದವರ ಪಾಲಿಗೆ ಇದು ನ್ಯಾಯವಾದ ಪಟ್ಟಿ. ಎಷ್ಟು ಕೆಲಸವೋ ಅಷ್ಟು ದುಡ್ಡು. ಸೀರೆ ಹಿಡಿದು ನಿಂತವರಿಗೆ ಮಾತ್ರ ಅದು ಮನಗಣಿತ.

ಆಮೇಲೆ ನಡೆಯುವ ಮಾತು ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ.

"ಎಲ್ಲಾ ಸೇರಿ ಎಷ್ಟಾಗುತ್ತೆ ಅಕ್ಕಾ?"

"ಲೈನಿಂಗು, ಪೈಪಿಂಗು, ಹಿಂದೆ ಡಿಸೈನು... ಆರ್ನೂರಾಗುತ್ತೆ ನೋಡಿ."

"ಅಯ್ಯೋ, ಡಿಸೈನೆಲ್ಲ ಬೇಡ ಬಿಡಿ. ಪೈಪಿಂಗೂ ಬೇಡ. ಬರೀ ಲೈನಿಂಗ್ ಹಾಕಿ, ನಾನೂರು ಮಾಡ್ಕೊಳ್ಳಿ."

ಬಿಡಿಬಿಡಿಯಾಗಿ ಬೆಲೆ ಬರೆದಾಗ ಗಿರಾಕಿಯ ಕಣ್ಣು ಹೋಗುವುದು ಏನನ್ನು ಬಿಡಬಹುದು ಎಂಬುದರ ಕಡೆಗೆ. ಒಂದೊಂದು ಸಾಲೂ ಕತ್ತರಿ ಹಾಕಲು ಒಂದು ಜಾಗ. ಕೊನೆಗೆ ಬಹುಪಾಲು ಜನ ಬರೀ ಲೈನಿಂಗ್‌ನಲ್ಲಿ ನಿಲ್ಲುತ್ತಾರೆ, ಅದರಲ್ಲೂ ಇಪ್ಪತ್ತು ಮೂವತ್ತು ರೂಪಾಯಿ ಇಳಿಸಿಕೊಂಡು. ಇದಕ್ಕೊಂದು ಹಳೆಯ, ಚೆನ್ನಾಗಿ ಪಳಗಿದ ಪರಿಹಾರವಿದೆ: ಸಾದಾ, ಅದಕ್ಕಿಂತ ಚೆನ್ನಾಗಿರುವುದು, ಎಲ್ಲಕ್ಕಿಂತ ಚೆನ್ನಾಗಿರುವುದು ಎಂದು ಮೂರೇ ಮೆಟ್ಟಿಲು ಮಾಡಿ, ಮೂರಕ್ಕೂ ಎಲ್ಲ ಸೇರಿದ ಒಂದೊಂದು ಬೆಲೆ ಬರೆಯುವುದು. ಕೇಬಲ್ ಟೀವಿಯಿಂದ ಹಿಡಿದು ಕಾರು ಕಂಪನಿಗಳವರೆಗೆ ಎಲ್ಲರೂ ಮಾಡುವುದು ಇದನ್ನೇ. ಆದರೆ ಇಬ್ಬರೇ ಕೂತು ಹೊಲಿಯುವ ಅಂಗಡಿಗೆ ಇದನ್ನು ತಂದಾಗ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಅಲ್ಲಿ ಮಾರಾಟಕ್ಕಿರುವುದು ಬಟ್ಟೆಯಲ್ಲ, ಮೆಷಿನ್ ಮುಂದೆ ಕೂರುವ ಗಂಟೆಗಳು. ಅವು ವಾರಕ್ಕೆ ಇಷ್ಟೇ.

ಮೂರೇ ಯಾಕೆ, ಎರಡು ಸಾಲದೇ? ಅಮೆರಿಕದ ಇಟಮಾರ್ ಸೈಮನ್‌ಸನ್ ಮತ್ತು ಏಮೊಸ್ ಟ್ವರ್ಸ್ಕಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಹೆಸರುವಾಸಿ. ಸುಮಾರು 170 ಡಾಲರ್ ಮತ್ತು 240 ಡಾಲರ್‌ನ ಎರಡು ಮಿನೋಲ್ಟಾ ಕ್ಯಾಮೆರಾಗಳನ್ನು ತೋರಿಸಿ ಆರಿಸಿಕೊಳ್ಳಿ ಎಂದಾಗ ಜನ ಸರಿಯಾಗಿ ಅರ್ಧರ್ಧ ಹಂಚಿಹೋದರು. ಇನ್ನೊಂದು ಗುಂಪಿಗೆ ಇವೆರಡರ ಜೊತೆಗೆ 470 ಡಾಲರ್‌ನ ಮೂರನೆಯದನ್ನೂ ತೋರಿಸಿದರು. ಈಗ ನಡುವಿನದನ್ನು ಆರಿಸಿದವರು ನೂರಕ್ಕೆ 57. ಕಡಿಮೆ ಬೆಲೆಯದಕ್ಕೆ 22, ದುಬಾರಿಯದಕ್ಕೆ 21. ನಡುವಿನ ಕ್ಯಾಮೆರಾದಲ್ಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ಅದರ ಅಕ್ಕಪಕ್ಕ ಮಾತ್ರ. ಅಗ್ಗದ್ದು ತೆಗೆದುಕೊಂಡರೆ ಜಿಪುಣತನ, ದುಬಾರಿಯದು ತೆಗೆದುಕೊಂಡರೆ ದುಂದು ಅನ್ನಿಸುವಾಗ ನಡುವಿನದಕ್ಕೆ ಕಾರಣ ಹೇಳಿಕೊಳ್ಳುವುದು ಸುಲಭ. ಮನೆಯಲ್ಲಿ ಅತ್ತೆ ಕೇಳಿದರೂ ಹೇಳಬಹುದು. ಒಂದು ಎಚ್ಚರ: ಅದು ಕಾಗದದ ಮೇಲಿನ ಆಯ್ಕೆ, ಕೈಯಿಂದ ದುಡ್ಡು ಬಿಚ್ಚಿದ್ದಲ್ಲ. ತನಗೆ ಬೇಕಾದದ್ದು ಇದೇ ಎಂದು ತೀರ್ಮಾನಿಸಿಕೊಂಡು ಬಂದ ಹೆಂಗಸಿನ ಮೇಲೆ ಗೋಡೆಯ ಮೇಲಿನ ಮೂರನೇ ಸಾಲು ಏನೂ ಪರಿಣಾಮ ಮಾಡುವುದಿಲ್ಲ. ಪರಿಣಾಮವಾಗುವುದು ತೀರ್ಮಾನ ಆಗದೇ ಬಂದವರ ಮೇಲೆ. ಹೊಲಿಗೆ ಅಂಗಡಿಗೆ ಬರುವವರಲ್ಲಿ ಅಂಥವರೇ ಜಾಸ್ತಿ.

ಮೆಟ್ಟಿಲುಗಳನ್ನು ಯಾವುದರ ಮೇಲೆ ಕಟ್ಟಬೇಕು ಎಂಬಲ್ಲಿ ಮೊದಲ ಎಡವು. ಹೊಲಿಯುವವರು ತಮ್ಮ ಕೆಲಸದ ಪ್ರಕಾರ ಯೋಚಿಸುತ್ತಾರೆ: ಲೈನಿಂಗ್ ಇಲ್ಲದ್ದು, ಇರುವುದು, ಕಟ್ ಇರುವುದು. ಗಿರಾಕಿ ಯೋಚಿಸುವುದು ಸೀರೆಯ ಪ್ರಕಾರ. ಅವಳ ಚೀಲದಲ್ಲಿರುವುದು ದಿನಾ ಉಡುವ ಕಾಟನ್ ಸೀರೆಯೋ, ಹಬ್ಬಕ್ಕೆ ತೆಗೆದ ಸಾಫ್ಟ್ ಸಿಲ್ಕೋ, ತಂಗಿಯ ಮದುವೆಯ ಜರಿ ಸೀರೆಯೋ? ಆದ್ದರಿಂದ ಹೆಸರುಗಳು ದಿನಬಳಕೆ, ಹಬ್ಬ, ಮದುವೆ ಎಂದಿರಲಿ. "ಈ ಸೀರೆ ಎಲ್ಲಿಗೆ ಉಡೋದು?" ಎಂದು ಕೇಳಿದರೆ ಉತ್ತರದಲ್ಲೇ ಮೆಟ್ಟಿಲು ಸಿಕ್ಕಿಬಿಡುತ್ತದೆ, ಅದೂ ಗಿರಾಕಿಯ ಬಾಯಿಂದಲೇ. ಆರ್ಡಿನರಿ, ಸ್ಪೆಷಲ್, ಡೀಲಕ್ಸ್ ಎಂಬ ಹೆಸರುಗಳು ನನಗೆ ಸರಿ ಕಾಣುವುದಿಲ್ಲ. 'ಆರ್ಡಿನರಿ ಸಾಕು' ಎಂದು ಹತ್ತು ಜನರೆದುರು ಹೇಳುವುದು ಯಾರಿಗೂ ಹಿತವಲ್ಲ, 'ದಿನಬಳಕೆಗೆ' ಎಂದು ಹೇಳಲು ಯಾರಿಗೂ ಸಂಕೋಚವಿಲ್ಲ.

ಈಗ ಒಂದು ಅಂಗಡಿಯನ್ನು ಕಲ್ಪಿಸಿಕೊಂಡು ಪಟ್ಟಿ ಬರೆಯೋಣ. ಜಿಲ್ಲಾ ಕೇಂದ್ರವೊಂದರ ಬಡಾವಣೆ, ಕತ್ತರಿಸಿ ಹೊಲಿಯುವವರು ಒಬ್ಬರೇ, ಹುಕ್ಕು ಹೆಮ್ಮಿಂಗಿಗೆ ಮನೆಯವರ ನೆರವು. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನದನ್ನು ಹಾಕಿಕೊಳ್ಳಿ.

ದಿನಬಳಕೆ, 250 ರೂಪಾಯಿ: ಲೈನಿಂಗ್ ಇಲ್ಲ, ರೌಂಡ್ ಅಥವಾ ಚೌಕ ಕುತ್ತಿಗೆ, ಹತ್ತು ದಿನ. ಹಬ್ಬ, 550: ಕಾಟನ್ ಲೈನಿಂಗ್, ಪೈಪಿಂಗ್, ಅಂಗಡಿಯಲ್ಲಿ ತೂಗುಹಾಕಿದ ಆರು ಬ್ಯಾಕ್ ಡಿಸೈನ್‌ಗಳಲ್ಲಿ ಒಂದು, ಏಳು ದಿನ. ಮದುವೆ, 1,200: ಪ್ರಿನ್ಸೆಸ್ ಕಟ್, ಪ್ಯಾಡ್, ಡೋರಿ ಮತ್ತು ಗೊಂಡೆ, ಬೇಕಾದ ಡಿಸೈನ್, ಒಂದು ಟ್ರಯಲ್, ಹೇಳಿದ ತಾರೀಖಿಗೆ ಕೈಗೆ.

ಪಟ್ಟಿಯಲ್ಲಿ ಒಂದು ಮಾತು ಎಲ್ಲೂ ಇಲ್ಲ, ಬೇಕೆಂದೇ ಬಿಟ್ಟದ್ದು: ಫಿಟಿಂಗ್. ಮೂರರಲ್ಲೂ ಅಳತೆ ಒಂದೇ ಎಚ್ಚರದಿಂದ ತೆಗೆಯಬೇಕು, ಒಳಗೆ ಬಿಡುವ ಮಾರ್ಜಿನ್ ಒಂದೇ ಇರಬೇಕು, ಹೊಲಿಗೆ ಒಂದೇ ಗಟ್ಟಿಯಿರಬೇಕು. ಮೆಟ್ಟಿಲು ಮಾಡುವಾಗ ಕೆಳಗಿನದನ್ನು ಕೆಡಿಸುವ ಆಸೆ ಬರುವುದು ಸಹಜ, ಅದರ ಇತಿಹಾಸವೂ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡುಪ್ವಿ 1849ರಲ್ಲೇ ರೈಲಿನ ಮೂರನೇ ದರ್ಜೆಯ ಬಗ್ಗೆ ಇದನ್ನು ಬರೆದಿದ್ದ. ಆ ಡಬ್ಬಿಗಳಿಗೆ ಚಾವಣಿ ಹಾಕದೇ ಬಿಟ್ಟದ್ದು ಖರ್ಚು ಉಳಿಸಲಿಕ್ಕಲ್ಲ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದಕ್ಕೆ ಹತ್ತದಂತೆ ಹೆದರಿಸಲಿಕ್ಕೆ ಎಂಬುದು ಅವನ ವಾದ. ರೈಲಿಗೆ ಅದು ನಡೆದೀತು, ಊರಿಗೆ ಇರುವುದು ಒಂದೇ ರೈಲು. ಹೊಲಿಗೆ ಅಂಗಡಿ ಬೀದಿಗೆ ನಾಲ್ಕಿವೆ. 250ರ ಬ್ಲೌಸ್ ತೋಳಲ್ಲಿ ಬಿಗಿಯಾದರೆ ಅವಳು 550ಕ್ಕೆ ಹತ್ತುವುದಿಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾಳೆ. ಹೋಗುವಾಗ ಅಳತೆ ಬ್ಲೌಸನ್ನೂ ತೆಗೆದುಕೊಂಡು ಹೋಗುತ್ತಾಳೆ.

ಹಾಗಾದರೆ ಎಲ್ಲರೂ ಕೆಳಗಿನ ಮೆಟ್ಟಿಲಿಗೇ ಇಳಿಯದಂತೆ ತಡೆಯುವುದು ಯಾವುದು? ಈ ಕಸುಬಿನಲ್ಲಿ ಬೇಲಿಯನ್ನು ಸೀರೆಯೇ ಹಾಕಿಕೊಟ್ಟಿದೆ. ರೇಷ್ಮೆಯ ಬ್ಲೌಸ್ ಪೀಸನ್ನು ಲೈನಿಂಗ್ ಇಲ್ಲದೆ ಹೊಲಿಸುವವರು ವಿರಳ. ಬೆವರಿಗೆ ಬಟ್ಟೆ ಹಾಳಾಗುತ್ತದೆ, ಹೊಲಿಗೆಯ ಬಳಿ ಜಗ್ಗಿ ಎಳೆ ಬಿಡುತ್ತದೆ. ಮದುವೆಯ ಬ್ಲೌಸಿಗೆ ಬೇಲಿ ಅಂದರೆ ತಾರೀಖು ಮತ್ತು ಟ್ರಯಲ್. ಮುಹೂರ್ತದ ಹಿಂದಿನ ದಿನ ಅಂಗಡಿಗೆ ಅಲೆಯುವ ಸಂಕಟ ಗೊತ್ತಿರುವವರು ಅದೊಂದಕ್ಕೇ ದುಡ್ಡು ಕೊಡುತ್ತಾರೆ. ಇವು ಮೇಲಿನದನ್ನು ನಿಜವಾಗಿ ಮೇಲೆತ್ತುವ ಬೇಲಿಗಳು, ಕೆಳಗಿನದರ ಚಾವಣಿ ಕೀಳುವವಲ್ಲ.

ಇನ್ನು ಲೆಕ್ಕ. ಹಳೆಯ ಪಟ್ಟಿಯಲ್ಲಿ ಲೈನಿಂಗ್ ಬ್ಲೌಸ್ ಚೌಕಾಸಿ ಆಗಿ ಸರಾಸರಿ 420ಕ್ಕೆ ಹೋಗುತ್ತಿತ್ತು ಎನ್ನಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು ಸೇರಿ 75 ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು 345, ಹಿಡಿಯುವುದು ಎರಡು ಗಂಟೆ. ಗಂಟೆಗೆ ಸುಮಾರು 172. ಸಾದಾ ಬ್ಲೌಸಿಗೆ ಖರ್ಚು ಹತ್ತೇ ರೂಪಾಯಿ, ಸಮಯ ಒಂದೂಕಾಲು ಗಂಟೆ. ಗಂಟೆಗೆ 192. ಎಂದರೆ, ದುಬಾರಿ ಎಂದುಕೊಂಡು ಸಂತೋಷದಿಂದ ತೆಗೆದುಕೊಂಡ ಕೆಲಸವೇ ಗಂಟೆಗೆ ಕಡಿಮೆ ಕೊಡುತ್ತಿತ್ತು. ಬ್ಲೌಸಿಗೆ ಎಷ್ಟು ಸಿಕ್ಕಿತು ಎಂದು ನೋಡುವವರಿಗೆ ಇದು ಕಾಣುವುದೇ ಇಲ್ಲ, ಗಂಟೆಗೆ ಎಷ್ಟು ಎಂದು ನೋಡಿದರೆ ಮಾತ್ರ ಕಾಣುತ್ತದೆ.

ಹೊಸ ಪಟ್ಟಿಯಲ್ಲಿ ಹಬ್ಬದ ಬ್ಲೌಸ್ 550, ಖರ್ಚು 90, ಸಮಯ ಎರಡೂಕಾಲು ಗಂಟೆ. ಗಂಟೆಗೆ 204. ಮದುವೆಯದು 1,200, ಖರ್ಚು 180, ಟ್ರಯಲ್ ಸೇರಿ ನಾಲ್ಕು ಗಂಟೆ. ಗಂಟೆಗೆ 255. ಈಗ ಮೆಟ್ಟಿಲು ಹತ್ತಿದಂತೆ ಗಂಟೆಯ ಗಳಿಕೆಯೂ ಹತ್ತುತ್ತದೆ. ಮೂರು ದರಗಳ ಪಟ್ಟಿ ಸರಿಯಿದೆಯೇ ಎಂದು ನೋಡಲು ಇದು ನಾನು ಮೊದಲು ಮಾಡುವ ಪರೀಕ್ಷೆ. ನಡುವಿನ ಮೆಟ್ಟಿಲು ಕೆಳಗಿನದಕ್ಕಿಂತ ಗಂಟೆಗೆ ಕಡಿಮೆ ಕೊಟ್ಟರೆ, ಗಿರಾಕಿಗಳನ್ನು ಅಲ್ಲಿಗೆ ಹತ್ತಿಸಿದಷ್ಟೂ ನಷ್ಟ.

ವಾರದ ಮಟ್ಟದಲ್ಲಿ ನೋಡಿ. ಮೊದಲು ಹತ್ತು ಸಾದಾ, ಹದಿನಾಲ್ಕು ಲೈನಿಂಗ್ ಹೊಲಿಯುತ್ತಿದ್ದರು: ನಲವತ್ತು ಗಂಟೆಯ ಮೇಲೆ ಸ್ವಲ್ಪ, ಕೈಗೆ 7,230. ಈಗ ಏಳು ದಿನಬಳಕೆ, ಹತ್ತು ಹಬ್ಬ, ಎರಡು ಮದುವೆ ಬಂದವು ಎಂದುಕೊಂಡರೆ ನಲವತ್ತು ಗಂಟೆಯೊಳಗೆ 8,320. ಬ್ಲೌಸ್ ಇಪ್ಪತ್ತನಾಲ್ಕರಿಂದ ಹತ್ತೊಂಬತ್ತಕ್ಕೆ ಇಳಿದಿದೆ, ಗಳಿಕೆ 1,090 ಏರಿದೆ. ಕಳೆದುಹೋದ ಐದು ಬ್ಲೌಸ್‌ಗಳ ಹಿಂದೆ ಗಿರಾಕಿಗಳಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಅದರಲ್ಲೂ ಬರೀ ಲೈನಿಂಗ್ ಸಾಕು ಎನ್ನುತ್ತಿದ್ದ ಹಳಬರಿಗೆ ಬೋರ್ಡಿನ ಮೇಲೆ ಈಗ ಜಾಗವಿಲ್ಲ. ಅವರಿಗೆ ದಾರಿ ಬಾಯಿಮಾತಿನಲ್ಲಿರಲಿ. "ಐನೂರಕ್ಕಿಂತ ಕಡಿಮೆಗೆ ಮಾಡ್ಕೊಡಿ" ಎಂದರೆ ಬೆಲೆಯನ್ನು ಮಾತ್ರ ಇಳಿಸದೆ, "ಡಿಸೈನು, ಪೈಪಿಂಗ್ ಬಿಟ್ಟು ರೌಂಡ್ ನೆಕ್ ಇಟ್ರೆ ನಾನೂರೈವತ್ತಕ್ಕೆ ಆಗುತ್ತೆ ಅಕ್ಕ" ಎನ್ನಬೇಕು. ದುಡ್ಡಿನ ಜೊತೆ ಕೆಲಸವೂ ಇಳಿಯಬೇಕು. ಹಾಗಾದಾಗ ಚೌಕಾಸಿಗೆ ಒಂದು ತಳ ಸಿಗುತ್ತದೆ.

ಅಂಗಡಿಯವರು 550 ಎಂದು ಬರೆದದ್ದು ನೋಡಿ ಹಲವರು ಕೇಳಬಹುದು: 549 ಬರೆಯಬಾರದಿತ್ತೇ? ಬಾಟಾ ಅಂಗಡಿಯ ಚಪ್ಪಲಿಗಳ ಮೇಲೆ ತೊಂಬತ್ತೊಂಬತ್ತರ ಬೆಲೆ ಓದುತ್ತ ಬೆಳೆದ ನಮಗೆ, ಬೆಲೆಯೆಂದರೆ ಕೊನೆಯಲ್ಲಿ ಒಂದು ಒಂಬತ್ತು ಇರಲೇಬೇಕು ಅನ್ನಿಸಿಬಿಟ್ಟಿದೆ. ಆ ಒಂಬತ್ತು ಯಾವಾಗ ಕೆಲಸ ಮಾಡುತ್ತದೆ ಎಂಬುದನ್ನು ಮನೋಜ್ ಥಾಮಸ್ ಮತ್ತು ವಿಕಿ ಮಾರ್ವಿಟ್ಜ್ 2005ರ ತಮ್ಮ ಸಂಶೋಧನೆಯಲ್ಲಿ ಬಿಡಿಸಿ ತೋರಿಸಿದ್ದಾರೆ. ನಾವು ಬೆಲೆಯನ್ನು ಎಡದಿಂದ ಓದುತ್ತೇವೆ, ಎಡದ ಅಂಕಿ ಮನಸ್ಸಿನಲ್ಲಿ ಮೊದಲು ಕೂತುಬಿಡುತ್ತದೆ. 500 ಹೋಗಿ 499 ಆದಾಗ ಐದು ನಾಲ್ಕಾಗುತ್ತದೆ, ಬೆಲೆ ಇಳಿದಂತೆ ಕಾಣುತ್ತದೆ. 550 ಹೋಗಿ 549 ಆದರೆ ಎಡದಲ್ಲಿ ಐದು ಐದಾಗಿಯೇ ಇರುತ್ತದೆ. ಒಂದು ರೂಪಾಯಿ ಹೋಯಿತು, ಬಂದದ್ದು ಹೆಚ್ಚೇನಿಲ್ಲ. ನಗದು ಕೊಡುವ ಅಜ್ಜಿಗೆ ಒಂದು ರೂಪಾಯಿ ಚಿಲ್ಲರೆ ಹುಡುಕುವ ಕೆಲಸ ಬೇರೆ. ಫೋನ್ ಸ್ಕ್ಯಾನ್ ಮಾಡಿ ಕೊಡುವವರು ಹೆಚ್ಚಾದ ಮೇಲೆ ಆ ತಾಪತ್ರಯ ಕಡಿಮೆಯಾಗಿದೆ, ನಿಜ. ಆದರೂ ಬಾಯಿಯಲ್ಲಿ ಬೆಲೆ ಹೇಳುವಾಗ ಯಾರೂ ಐನೂರ ನಲವತ್ತೊಂಬತ್ತು ಎನ್ನುವುದಿಲ್ಲ, ಐನೂರೈವತ್ತು ಎಂದೇ ಹೇಳುವುದು. ಬೋರ್ಡಿನ ಮೇಲಿನ ಒಂಬತ್ತು ನಾಲಿಗೆಯ ಮೇಲೆ ಕರಗಿಹೋಗುತ್ತದೆ.

ಹಾಗಿದ್ದರೆ ಸೀದಾ 499 ಮಾಡಿಬಿಟ್ಟರೆ? ಆಕರ್ಷಕ ಬೆಲೆ, ಸಂಶಯವಿಲ್ಲ. ಆದರೆ ಗಂಟೆಯ ಲೆಕ್ಕ ಹಾಕಿ: 499ರಲ್ಲಿ 90 ಕಳೆದು ಎರಡೂಕಾಲು ಗಂಟೆಗೆ ಹಂಚಿದರೆ ಸುಮಾರು 182. ದಿನಬಳಕೆಯ 192ಕ್ಕಿಂತ ಕಡಿಮೆ. ಜನ ಮುಗಿಬಿದ್ದು ನಡುವಿನ ಮೆಟ್ಟಿಲಿಗೆ ಬರುತ್ತಾರೆ, ಅಂಗಡಿ ಗಿಜಿಗುಡುತ್ತದೆ, ತಿಂಗಳ ಕೊನೆಗೆ ದುಡ್ಡು ಮಾತ್ರ ಕಾಣುವುದಿಲ್ಲ. ಬೆಲೆಯ ಬಾಲ ನೋಡಿ ಬೆಲೆ ಕಟ್ಟುವವರು ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ಕಡೆ, ಎಡದ ಅಂಕಿ ಹೇಗೂ ಐದೇ ಆದ್ದರಿಂದ 599 ಬರೆಯೋಣ ಎಂದರೆ ಅದೂ ತರ್ಕವೇ. ಆದರೆ ಬೀದಿಯ ಉಳಿದ ಅಂಗಡಿಗಳಲ್ಲಿ ಲೈನಿಂಗ್ 450 ಇರುವಾಗ ಒಂದೇ ಸಲ ಅಷ್ಟು ದೂರ ಹೋಗಲು ನಾನಾದರೆ ಧೈರ್ಯ ಮಾಡುವುದಿಲ್ಲ. 550ರಲ್ಲಿ ಒಂದು ವರ್ಷ ನಡೆಸಿ ನೋಡಬಹುದು.

ಮದುವೆಯ ಬ್ಲೌಸಿಗೆ 1,199 ಬರೆಯುವುದು ನೇರವಾಗಿ ತಪ್ಪು ಎಂದೇ ನನ್ನ ಅಭಿಪ್ರಾಯ. ಎಡದ ಎರಡು ಅಂಕಿ ಹನ್ನೆರಡರಿಂದ ಹನ್ನೊಂದಾಗುತ್ತವೆ ಎಂಬುದು ಸರಿ. ಆದರೆ ತೊಂಬತ್ತೊಂಬತ್ತಕ್ಕೆ ಇನ್ನೊಂದು ದನಿಯಿದೆ: ಅದು 'ಇದು ಅಗ್ಗ' ಎನ್ನುತ್ತದೆ. ಎರಿಕ್ ಆಂಡರ್ಸನ್ ಮತ್ತು ಡಂಕನ್ ಸಿಮೆಸ್ಟರ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಚೆ ಮೂಲಕ ಮಾರುವ ಹೆಂಗಸರ ಬಟ್ಟೆಯ ಕ್ಯಾಟಲಾಗ್‌ಗಳನ್ನೇ ಬೇರೆಬೇರೆ ಬೆಲೆಯಲ್ಲಿ ಅಚ್ಚು ಹಾಕಿಸಿ ಕಳಿಸಿದ್ದರು. 39 ಡಾಲರ್ ಎಂದು ಬರೆದ ಉಡುಪು, ಅದೇ ಉಡುಪಿಗೆ 34 ಎಂದು ಬರೆದಾಗ ಹೋದದ್ದಕ್ಕಿಂತ ಹೆಚ್ಚು ಮಾರಾಟವಾಯಿತು! ಒಂಬತ್ತನ್ನು ಕಂಡವರು 'ಬೆಲೆ ಇಳಿದಿರಬೇಕು' ಎಂದು ಓದಿಕೊಂಡರು. ದಿನಬಳಕೆಯ ವಸ್ತುವಿಗೆ ಆ ದನಿ ಒಳ್ಳೆಯದು. ತಂಗಿಯ ಮದುವೆಯ ಬ್ಲೌಸ್ ಕೊಡಲು ಬಂದವಳಿಗೆ ಬೇಕಾದದ್ದು ಅಗ್ಗವಲ್ಲ, ನೆಮ್ಮದಿ. ಮನಸ್ಸಿಗೆ ಹಿಡಿಸಿ ಕೊಳ್ಳುವ ವಸ್ತುಗಳಿಗೆ ದುಂಡು ಬೆಲೆಯೇ ಹೊಂದುತ್ತದೆ ಎಂದು ಮೋನಿಕಾ ವಾಧ್ವಾ ಮತ್ತು ಕುವಾಂಗ್‌ಜಿ ಜಾಂಗ್ 2015ರಲ್ಲಿ ತೋರಿಸಿದ್ದಾರೆ. ಆದ್ದರಿಂದ 1,200 ಇರಲಿ. ಮುಯ್ಯಿಗೆ 501, 1,001 ಹಾಕುವ ನಮ್ಮಲ್ಲಿ 1,201 ಎಂದು ಬರೆಯಬಾರದೇ ಎಂದು ಯಾರಾದರೂ ಕೇಳಿಯಾರು. ಆ ಒಂದು ರೂಪಾಯಿ ಕೊಡುವ ಕೈಯಿಂದ ಬರುವಂಥದ್ದು, ಕೇಳುವ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಈ ಅಂಗಡಿಯಲ್ಲಿ ಒಂಬತ್ತಕ್ಕೆ ಕೆಲಸವೇ ಇಲ್ಲವೇ? ಒಂದು ಕಡೆ ಇದೆ. ಸೀರೆಗೆ ಫಾಲ್ ಮತ್ತು ಜಿಗ್‌ಜಾಗ್: 100ರ ಬದಲು 99. ಮೂರಂಕಿ ಎರಡಂಕಿಯಾಗುತ್ತದೆ, ಕೆಲಸ ಎಲ್ಲ ಅಂಗಡಿಯಲ್ಲೂ ಒಂದೇ, ಯಾರೂ ಅದರಲ್ಲಿ ಗುಣಮಟ್ಟ ಹುಡುಕುವುದಿಲ್ಲ. ಬ್ಲೌಸ್ ಕೊಡಲು ಬಂದವರು 'ಇದನ್ನೂ ಇಟ್ಕೊಳ್ಳಿ' ಎಂದು ಸೀರೆಯನ್ನೂ ಬಿಟ್ಟು ಹೋಗಲು ಅಷ್ಟು ಸಾಕು.

ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಎಂದರೆ ಮದುವೆಯಿಂದ ದಿನಬಳಕೆಗೆ ಬರೆಯುವುದು ಮೇಲು. ಮೊದಲು 1,200 ಓದಿದ ಕಣ್ಣಿಗೆ 550 ಸೌಮ್ಯವಾಗಿ ಕಾಣುತ್ತದೆ, ಮೊದಲು 250 ಓದಿದ ಕಣ್ಣಿಗೆ ಅದೇ 550 ಏರಿದಂತೆ. ಬಾರೊಂದರಲ್ಲಿ ಬಿಯರ್ ಪಟ್ಟಿಯ ಕ್ರಮವನ್ನಷ್ಟೇ ತಿರುಗಿಸಿ ನೋಡಿದ ಸಂಶೋಧಕರಿಗೂ ದುಬಾರಿಯಿಂದ ಶುರುವಾದ ಪಟ್ಟಿಯೇ ಹೆಚ್ಚು ದುಡ್ಡು ತಂದಿತ್ತು. ಬೋರ್ಡಿನ ಪಕ್ಕದಲ್ಲಿ ಮೂರೂ ಬಗೆಯ ಒಂದೊಂದು ಬ್ಲೌಸ್ ತೂಗುಹಾಕಿ, ಒಳಭಾಗ ಹೊರಗೆ ಕಾಣುವಂತೆ. ಲೈನಿಂಗಿನ ಒಳಹೊಲಿಗೆ ಕಂಡ ಮೇಲೆ 300 ರೂಪಾಯಿ ವ್ಯತ್ಯಾಸಕ್ಕೆ ವಿವರಣೆ ಬೇಕಾಗುವುದಿಲ್ಲ.

ಪಟ್ಟಿ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಬಿಲ್ ಪುಸ್ತಕವೇ ಸಾಕ್ಷಿ. ಪ್ರತಿ ಬಿಲ್ಲಿನ ಮೂಲೆಯಲ್ಲಿ ದಿ, ಹ, ಮ ಎಂದು ಒಂದಕ್ಷರ ಬರೆದಿಡಿ, ತಿಂಗಳ ಕೊನೆಗೆ ಎಣಿಸಿ. ಅರ್ಧಕ್ಕಿಂತ ಹೆಚ್ಚು 'ದಿ' ಇದ್ದರೆ ಹಬ್ಬದ ಬ್ಲೌಸಿನಲ್ಲಿ ಹೆಚ್ಚಿಗೆ ಏನಿದೆ ಎಂಬುದು ಗಿರಾಕಿಗೆ ಕಾಣುತ್ತಿಲ್ಲ, ಇಲ್ಲವೇ ನಡುವಿನ ಹಾರು ದೊಡ್ಡದಾಗಿದೆ. 'ಮ' ಕೈತುಂಬ ಬರತೊಡಗಿ ತಾರೀಖು ತಪ್ಪತೊಡಗಿದರೆ 1,200 ಕಡಿಮೆಯಾಯಿತು ಎಂದು ಅರ್ಥ. ಆಗ ಅದನ್ನು 1,500ಕ್ಕೆ ಏರಿಸಬೇಕು. ಆ ಮೆಟ್ಟಿಲಿನಲ್ಲಿ ಮಾರುತ್ತಿರುವುದೇ ತಾರೀಖು, ಅದೇ ತಪ್ಪಿದರೆ ಉಳಿದದ್ದು ಬರೀ ಪ್ಯಾಡು, ಗೊಂಡೆ. 'ಮ' ಒಂದೂ ಬಾರದಿದ್ದರೆ ಅವಸರಪಟ್ಟು ಅಳಿಸಬೇಡಿ. ಅದು ಅಲ್ಲಿರುವುದರಿಂದಲೇ 550 ನಡುವಿನದಾಗಿದೆ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದು ಊಹೆಯ ಮೇಲೆ: ಮೆಷಿನ್ ತುಂಬಿದೆ, ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕು. ಆಷಾಢದಲ್ಲಿ ಈ ಊಹೆ ಬಿದ್ದುಹೋಗುತ್ತದೆ. ಮದುವೆಗಳಿಲ್ಲ, ನಲವತ್ತು ಗಂಟೆಯಲ್ಲಿ ಇಪ್ಪತ್ತು ಖಾಲಿ. ಖಾಲಿ ಕೂತ ಗಂಟೆಯ ಗಳಿಕೆ ಸೊನ್ನೆ, ಅದರ ಮುಂದೆ 182 ದೊಡ್ಡದೇ. ಬೇಡವೆಂದು ಬಿಟ್ಟಿದ್ದ 499ನ್ನು ಹೊರಗೆ ತೆಗೆಯುವ ಕಾಲ ಇದು: 550 ಹೊಡೆದುಹಾಕಿ ಪಕ್ಕದಲ್ಲಿ 499, ಆಷಾಢ ಮುಗಿಯುವವರೆಗೆ. ಕೊಟ್ಟದ್ದು 51 ರೂಪಾಯಿ, ಕಂಡದ್ದು ಐನೂರರಿಂದ ನಾನೂರಕ್ಕೆ ಇಳಿದದ್ದು.

ಇದರಲ್ಲಿ ಇನ್ನೊಂದು ಲಾಭವಿದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮೆಷಿನ್ ಮೇಲೆ ಬೀಳುವ ಬ್ಲೌಸ್‌ಗಳಲ್ಲಿ ಒಂದಿಷ್ಟು ಮುಂಚೆಯೇ ಬಂದುಬಿಡುತ್ತವೆ. ಅವು ಶ್ರಾವಣದಲ್ಲಿ 550ಕ್ಕೇ ಬರುತ್ತಿದ್ದವಲ್ಲ, 51 ಸುಮ್ಮನೆ ಹೋಯಿತಲ್ಲ ಎನ್ನಬಹುದು. ಆ ವಾರ ಬಿಡುವಾದ ಗಂಟೆಗೆ ಇನ್ನೊಬ್ಬರ ಬ್ಲೌಸ್ ಪೂರಾ ಬೆಲೆಗೆ ಬರುವಂತಿದ್ದರೆ ಹೋಗಲಿಲ್ಲ, ಇಲ್ಲದಿದ್ದರೆ ಹೋಯಿತು. ಆದ್ದರಿಂದ ಖಾಲಿ ಗಂಟೆಗಳಷ್ಟಕ್ಕೇ ಈ ಬೆಲೆ ಒಪ್ಪಿಕೊಳ್ಳಬೇಕು: ವಾರಕ್ಕೆ ಇಪ್ಪತ್ತು ಗಂಟೆ ಖಾಲಿಯಿದ್ದರೆ ಎಂಟೋ ಒಂಬತ್ತೋ ಬ್ಲೌಸ್, ಅದಕ್ಕಿಂತ ಹೆಚ್ಚು ಬೇಡ. ಅಮಾವಾಸ್ಯೆ ಕಳೆದ ಮರುದಿನ 499ನ್ನು ಬೋರ್ಡಿನಿಂದ ಅಳಿಸಲೇಬೇಕು. ಹದಿನೈದು ದಿನ ಹೆಚ್ಚಿಗೆ ಬಿಟ್ಟರೂ ಬೀದಿಯವರೆಲ್ಲ ಅದನ್ನೇ ಈ ಅಂಗಡಿಯ ಬೆಲೆ ಎಂದುಕೊಳ್ಳುತ್ತಾರೆ, ಆಮೇಲೆ 550 ಕೇಳಿದರೆ "ಯಾಕಕ್ಕ, ಜಾಸ್ತಿ ಮಾಡಿಬಿಟ್ರಾ?" ಎನ್ನುತ್ತಾರೆ.